ಬಡಾವಣೆಯ ಸಲೂನ್‌ಗೆ ಯಾವ ಲಾಯಲ್ಟಿ ಯೋಜನೆ ಹೊಂದುತ್ತದೆ? ಲಾಭಕ್ಕೆ ಕತ್ತರಿ ಬೀಳದಂತೆ ಆಯ್ಕೆ ಮಾಡುವ ಬಗೆ

ಅಕ್ಕಪಕ್ಕದ ಕೆಲವು ಬೀದಿಗಳ ಜನರನ್ನೇ ನಂಬಿ ನಡೆಯುವ ಸಣ್ಣ ಸಲೂನ್‌ನ ಮಾಲೀಕರು ಖಾಯಂ ಗಿರಾಕಿಗಳಿಗೆ ಏನಾದರೂ ಕೊಡೋಣವೆಂದು ಯೋಚಿಸಿದಾಗ ಅವರ ಮುಂದೆ ಸಾಮಾನ್ಯವಾಗಿ ಐದು ದಾರಿಗಳು ಕಾಣುತ್ತವೆ. ಮೊದಲನೆಯದು, ಹತ್ತನೆಯ ಹೇರ್‌ಕಟ್ ಉಚಿತ ಎನ್ನುವ ಸೀಲಿನ ಕಾರ್ಡ್. ಎರಡನೆಯದು, ಪ್ರತಿ ಬಿಲ್ಲಿನ ಮೇಲೂ ಪಾಯಿಂಟ್ ಕೊಟ್ಟು ಮುಂದಿನ ಬಿಲ್ಲಿನಲ್ಲಿ ಕಳೆಯುವ ಪದ್ಧತಿ. ಮೂರನೆಯದು, ಮುಂಗಡವಾಗಿ ದೊಡ್ಡ ಮೊತ್ತ ಕಟ್ಟಿದವರ ಲೆಕ್ಕಕ್ಕೆ ಇನ್ನಷ್ಟು ಸೇರಿಸಿಕೊಡುವ ಪ್ಯಾಕೇಜ್. ನಾಲ್ಕನೆಯದು, ತಿಂಗಳ ಶುಲ್ಕದ ಸದಸ್ಯತ್ವ. ಐದನೆಯದು ಅಷ್ಟಾಗಿ ಬಳಕೆಯಲ್ಲಿಲ್ಲದ್ದು: ಇಂತಿಷ್ಟು ವಾರಗಳೊಳಗೆ ಮತ್ತೆ ಬಂದವರಿಗೆ ಒಂದು ಸಣ್ಣ ಹೆಚ್ಚುವರಿ ಸೇವೆಯನ್ನು ಕೊಡುವುದು. ಐದರಲ್ಲಿ ಯಾವುದನ್ನು ಬೇಕಾದರೂ ಒಂದೇ ದಿನದಲ್ಲಿ ಶುರು ಮಾಡಬಹುದು. ಆದರೆ ಅವು ಗಲ್ಲಾಪೆಟ್ಟಿಗೆಯ ಮೇಲೆ ಮಾಡುವ ಪರಿಣಾಮದಲ್ಲಿ ಅಜಗಜಾಂತರವಿದೆ, ಮತ್ತು ಆ ವ್ಯತ್ಯಾಸ ಕಾರ್ಡ್ ಅಚ್ಚು ಹಾಕಿಸುವಾಗ ಕಣ್ಣಿಗೆ ಬೀಳುವುದಿಲ್ಲ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಹೋಲಿಕೆಗೆ ಇಳಿಯುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಬಹುಮಾನಕ್ಕೆ ನಿಜವಾಗಿ ತಗಲುವ ಖರ್ಚು ಎಷ್ಟು? ಆ ಬಹುಮಾನದಿಂದ ಗಿರಾಕಿ ಮಾಡುತ್ತಿದ್ದುದರಲ್ಲಿ ಏನಾದರೂ ಬದಲಾಗುತ್ತದೆಯೇ, ಅಥವಾ ಹೇಗೂ ಬರುತ್ತಿದ್ದವರಿಗೆ ನಾವು ಸುಮ್ಮನೆ ಹಣ ಬಿಟ್ಟುಕೊಡುತ್ತಿದ್ದೇವೆಯೇ? ಮುಂದೆ ತೀರಿಸಬೇಕಾದ ಬಾಕಿ ಎಷ್ಟು ಬೆಳೆಯುತ್ತದೆ? ಜನ ಕಾದು ಕುಳಿತಿರುವ ಹೊತ್ತಿನಲ್ಲಿ ಅದನ್ನು ವಾದವಿಲ್ಲದೆ ನಡೆಸಲು ಸಾಧ್ಯವೇ?

ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು, ಮತ್ತು ಸಲೂನ್ ವ್ಯಾಪಾರದಲ್ಲಿ ಅದಕ್ಕೆ ಒಂದು ವಿಶೇಷ ಮಿತಿಯಿದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಕಾಫಿ ಅಂಗಡಿಯ ಕಾರ್ಡ್ ಕೈಯಲ್ಲಿದ್ದವರು ದಿನಕ್ಕೆ ಒಂದು ಕಪ್ ಹೆಚ್ಚು ಕುಡಿದಾರು. ಸೀಲ್ ಬೀಳಲೆಂದು ಯಾರೂ ವಾರಕ್ಕೆರಡು ಬಾರಿ ಕೂದಲು ಕತ್ತರಿಸಿಕೊಳ್ಳುವುದಿಲ್ಲ. ಆರು ವಾರಕ್ಕೊಮ್ಮೆ ಬರುವವರನ್ನು ಐದು ವಾರಕ್ಕೆ ಕರೆತರಬಹುದು, ಮೊದಲ ಬಾರಿ ಬಂದವರನ್ನು ಎರಡನೆಯ ಬಾರಿ ಬರಿಸಬಹುದು, ಕತ್ತರಿಸಿಕೊಂಡು ಹೋಗುತ್ತಿದ್ದವರಿಗೆ ಇನ್ನೊಂದು ಸೇವೆಯ ರುಚಿ ಹತ್ತಿಸಬಹುದು. ಯೋಜನೆಗೆ ಸಿಗುವ ಅವಕಾಶ ಇಷ್ಟೇ. ಇಷ್ಟರೊಳಗೆ ಅದು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು.

ಒಂದು ಹೇರ್‌ಕಟ್‌ನ ಒಳಲೆಕ್ಕ

ಲೆಕ್ಕಕ್ಕಾಗಿ ಹೇರ್‌ಕಟ್ ಒಂದರ ಬೆಲೆಯನ್ನು 100 ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಕೆಲಸ ಮಾಡಿದವರ ಕಮಿಷನ್ 35, ಶ್ಯಾಂಪೂ, ಬ್ಲೇಡು, ಟವೆಲ್ ಒಗೆತ ಸೇರಿ 8, ಕಾರ್ಡ್ ಪಾವತಿಯ ಶುಲ್ಕ 2 ಹೋಗುತ್ತದೆ ಎನ್ನೋಣ. ಈ 45 ಪ್ರತಿ ಗಿರಾಕಿಯ ಜೊತೆಗೂ ಬರುವ ಖರ್ಚು. ಮಿಕ್ಕಿದ 55ನ್ನು ಈ ಬರಹದಲ್ಲಿ ‘ಉಳಿಕೆ’ ಎಂದು ಕರೆಯುತ್ತೇನೆ. ಬಾಡಿಗೆ, ವಿದ್ಯುತ್ತು, ಮಾಲೀಕರ ಸ್ವಂತ ದುಡಿಮೆಯ ಪಾಲು ಎಲ್ಲವೂ ಈ ಉಳಿಕೆಯಿಂದಲೇ ಹುಟ್ಟಬೇಕು. ಅಂಥ ಖರ್ಚುಗಳು ಪ್ರತಿ ಕಟ್‌ಗೆ 42ರಂತೆ ಬೀಳುತ್ತವೆ ಎಂದಾದರೆ ಕೊನೆಗೆ ಲಾಭವಾಗಿ ಕೈಗೆ ಹತ್ತುವುದು 13 ಮಾತ್ರ. ನಿಮ್ಮ ಅಂಗಡಿಯ ಸಂಖ್ಯೆಗಳು ಬೇರೆಯಾಗಿರುತ್ತವೆ. ಇವುಗಳ ಜಾಗದಲ್ಲಿ ಅವನ್ನು ಹಾಕಿಕೊಂಡು ಓದಿ.

ಈಗ ಹತ್ತನೆಯದು ಉಚಿತ ಎನ್ನುವ ಕಾರ್ಡನ್ನು ನೋಡಿ. ಗಿರಾಕಿ ಹತ್ತು ಬಾರಿ ಬಂದಾಗ ಮೊದಲು 1000 ಬರುತ್ತಿದ್ದಲ್ಲಿ ಈಗ 900 ಬರುತ್ತದೆ. ಉಚಿತ ಕಟ್‌ಗೂ ಕಮಿಷನ್ ಕೊಡಲೇಬೇಕು, ಟವೆಲ್ ಒಗೆಯಲೇಬೇಕು. ಹತ್ತು ಭೇಟಿಗಳ ಲಾಭ 130 ಇದ್ದದ್ದು 30ಕ್ಕೆ ಇಳಿಯುತ್ತದೆ. ಬೋರ್ಡಿನ ಮೇಲೆ ಶೇಕಡಾ 10ರ ರಿಯಾಯಿತಿ ಎಂದು ಕಾಣುವುದು ಲಾಭದಲ್ಲಿ ನಾಲ್ಕನೆಯ ಮೂರು ಪಾಲಿಗಿಂತ ಹೆಚ್ಚನ್ನು ಒಯ್ಯುತ್ತದೆ. ‘ಉಚಿತ ಕಟ್‌ನಿಂದ ನನಗೆ ಆಗುವ ನಷ್ಟ 45 ಮಾತ್ರ ತಾನೇ’ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಹತ್ತನೆಯ ಭೇಟಿ ಕಾರ್ಡ್ ಇಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ ಎಂದಾಗ ಮಾತ್ರ ಆ ಮಾತು ಸರಿ. ಖಾಯಂ ಗಿರಾಕಿ ಹೇಗೂ ಹಣ ಕೊಟ್ಟು ಬರುತ್ತಿದ್ದ ದಿನವೇ ಉಚಿತವಾಗಿ ಬಂದರೆ ಹೋದದ್ದು ಪೂರ್ತಿ 100.

ಹಾಗಾದರೆ ಕಾರ್ಡಿನ ಆಸೆಗೆ ಗಿರಾಕಿ ಎಷ್ಟು ಬೇಗ ಬಂದರೆ ನಷ್ಟ ತುಂಬಿಕೊಳ್ಳುತ್ತದೆ? ಇದಕ್ಕೊಂದು ಸರಳ ಸೂತ್ರವಿದೆ.

```
ಸರಿದೂಗುವ ಅಂತರ = ಈಗಿನ ಅಂತರ × (ಯೋಜನೆಯ ನಂತರದ ಉಳಿಕೆ ÷ ಈಗಿನ ಉಳಿಕೆ)
```

ಗಿರಾಕಿ ಈಗ 42 ದಿನಕ್ಕೊಮ್ಮೆ ಬರುತ್ತಾರೆ ಎನ್ನೋಣ. ಉಚಿತ ಕಟ್ ಅನ್ನು ಹತ್ತು ಭೇಟಿಗಳಿಗೆ ಹಂಚಿದರೆ ಸರಾಸರಿ ಉಳಿಕೆ 55ರಿಂದ 45ಕ್ಕೆ ಇಳಿಯುತ್ತದೆ. 42ನ್ನು 45ರಿಂದ ಗುಣಿಸಿ 55ರಿಂದ ಭಾಗಿಸಿದರೆ ಸುಮಾರು 34 ದಿನ ಬರುತ್ತದೆ. ಎಂದರೆ ಪ್ರತಿಯೊಬ್ಬ ಗಿರಾಕಿಯೂ ಪ್ರತಿ ಬಾರಿಯೂ ಸುಮಾರು ಎಂಟು ದಿನ ಬೇಗ ಬಂದರೆ ನೀವು ಮೊದಲಿದ್ದಲ್ಲಿಗೆ ತಲುಪುತ್ತೀರಿ. ಲಾಭದ ಮಾತು ಅದರಾಚೆಗೆ. ಒಂದು ವಾರ ಬೇಗ ಬಂದವರಿಂದಲೂ ವರ್ಷದ ಕೊನೆಗೆ ಸಿಗುವ ಉಳಿಕೆ 477ರಿಂದ 468ಕ್ಕೆ ಕುಸಿಯುತ್ತದೆ. ಕೆಲಸ ಹೆಚ್ಚಾಯಿತು, ಕುರ್ಚಿ ತುಂಬಿತು, ಹಣ ಕಡಿಮೆಯಾಯಿತು. ಯೋಜನೆ ‘ಚೆನ್ನಾಗಿ ಓಡುತ್ತಿದೆ’ ಎಂದು ಎಲ್ಲರೂ ಹೇಳುವಾಗಲೇ ತಿಂಗಳ ಕೊನೆಯಲ್ಲಿ ಬಾಡಿಗೆಗೆ ತಡಕಾಡುವಂತಾಗುವುದು ಹೀಗೆ.

ಸೀಲಿನ ಕಾರ್ಡ್

ಈ ಲೆಕ್ಕ ನೋಡಿ ಕಾರ್ಡನ್ನೇ ಬೇಡವೆನ್ನಬೇಕಾಗಿಲ್ಲ. ತೊಂದರೆ ಇರುವುದು ಅದರ ಬಹುಮಾನದಲ್ಲಿ ಮತ್ತು ಉದ್ದದಲ್ಲಿ. ಕಾಗದದ ಕಾರ್ಡ್ ಅಗ್ಗವಾದದ್ದು, ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ, ಗಲ್ಲಾದಲ್ಲಿ ಎರಡು ಸೆಕೆಂಡಿನ ಕೆಲಸ. ಆದರೆ ಆರು ವಾರಕ್ಕೊಮ್ಮೆ ಬರುವವರು ಹತ್ತು ಮನೆ ತುಂಬಿಸಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು. ವರ್ಷಕ್ಕೆ ನಾಲ್ಕು ಬಾರಿ ಮಾತ್ರ ಬರುವ ಉದ್ದ ಕೂದಲಿನವರಿಗೆ ಎರಡೂವರೆ ವರ್ಷ. ಅಷ್ಟರೊಳಗೆ ಕಾರ್ಡ್ ಕಳೆದಿರುತ್ತದೆ ಅಥವಾ ಆಸೆಯೇ ಆರಿರುತ್ತದೆ. ಕೊನೆಗೆ ಕಾರ್ಡ್ ತುಂಬಿಸುವವರು ಯಾರು? ಯಾವ ಆಸೆಯೂ ಇಲ್ಲದೆ ಮೂರು ವಾರಕ್ಕೊಮ್ಮೆ ಬರುತ್ತಿದ್ದ, ಪೂರ್ತಿ ಬೆಲೆ ಕೊಡಲು ಎಂದೂ ಬೇಸರಿಸದ ಅತ್ಯುತ್ತಮ ಗಿರಾಕಿಗಳು. ಬಹುಮಾನ ಅವರಿಗೆ ಸಲ್ಲಬಾರದೆಂದು ಹೇಳುತ್ತಿಲ್ಲ. ಅವರಿಗೆ ಕೊಡುವುದು ಬೆಲೆಯ ರೂಪದಲ್ಲಿರಬಾರದು ಎಂಬುದಷ್ಟೇ ನನ್ನ ವಾದ.

ಕಾರ್ಡಿನ ವಿಷಯದಲ್ಲಿ ಒಂದು ಉಪಯುಕ್ತ ಸಂಗತಿಯಿದೆ. ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಜ್ ಎಂಬ ಸಂಶೋಧಕರು ಕಾರು ತೊಳೆಯುವ ಕೇಂದ್ರವೊಂದರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 300 ಗಿರಾಕಿಗಳಿಗೆ ಕಾರ್ಡ್ ಹಂಚಿದರು. ಅರ್ಧ ಜನರಿಗೆ ಎಂಟು ಖಾಲಿ ಮನೆಗಳ ಕಾರ್ಡ್. ಇನ್ನರ್ಧ ಜನರಿಗೆ ಹತ್ತು ಮನೆಗಳ ಕಾರ್ಡ್, ಆದರೆ ಅದರಲ್ಲಿ ಎರಡಕ್ಕೆ ಮೊದಲೇ ಸೀಲ್ ಹಾಕಿ ಕೊಡಲಾಗಿತ್ತು. ಇಬ್ಬರೂ ಎಂಟು ಬಾರಿಯೇ ಬರಬೇಕಿತ್ತು. ಆದರೂ ಮೊದಲ ಗುಂಪಿನಲ್ಲಿ ಕಾರ್ಡ್ ತುಂಬಿಸಿದವರು ಶೇಕಡಾ 19, ಎರಡನೆಯ ಗುಂಪಿನಲ್ಲಿ ಶೇಕಡಾ 34. ಶುರುವಾಗಿಬಿಟ್ಟಿದೆ ಎಂಬ ಭಾವನೆ ಜನರನ್ನು ಮುಂದೆ ತಳ್ಳುತ್ತದೆ. ಸಲೂನ್‌ಗೂ ಇದನ್ನು ಹೊಂದಿಸಿಕೊಳ್ಳಬಹುದು: ಐದು ಮನೆಗಳ ಖಾಲಿ ಕಾರ್ಡಿನ ಬದಲು ಆರು ಮನೆಗಳ ಕಾರ್ಡಿಗೆ ಒಂದು ಸೀಲ್ ಹಾಕಿಯೇ ಕೊಡಿ. ಇದಕ್ಕೆ ಶಾಯಿಯ ಖರ್ಚು ಬಿಟ್ಟರೆ ಬೇರೇನಿಲ್ಲ.

ಪಾಯಿಂಟ್ ಪದ್ಧತಿ

ಪಾಯಿಂಟಿನ ಗುಣವೆಂದರೆ ಅದು ದೊಡ್ಡ ಬಿಲ್ಲಿಗೂ ಸಣ್ಣ ಬಿಲ್ಲಿಗೂ ತಕ್ಕಂತೆ ಸಲ್ಲುತ್ತದೆ. ಹೇರ್ ಕಲರ್‌, ಸ್ಟ್ರೈಟನಿಂಗ್‌, ಫೇಷಿಯಲ್‌ ಹೀಗೆ ಸೇವೆಗಳ ಬೆಲೆಯಲ್ಲಿ ಐದಾರು ಪಟ್ಟು ಅಂತರವಿರುವ ಅಂಗಡಿಯಲ್ಲಿ ಬರಿಯ ಸೀಲಿನ ಕಾರ್ಡ್ ನ್ಯಾಯವಾಗಿ ಕಾಣುವುದಿಲ್ಲ. ಕಲರ್ ಮಾಡಿಸಿಕೊಂಡವರಿಗೂ ಗಡ್ಡ ಟ್ರಿಮ್ ಮಾಡಿಸಿಕೊಂಡವರಿಗೂ ಒಂದೇ ಸೀಲ್ ಎಂದರೆ ಮೊದಲಿನವರು ಮುಖ ಸಿಂಡರಿಸುವುದು ಸಹಜ. ಬಿಲ್ಲಿನ ಶೇಕಡಾ 5ರಷ್ಟನ್ನು ಪಾಯಿಂಟಾಗಿ ಕೊಟ್ಟರೆ ನಮ್ಮ ಉದಾಹರಣೆಯ ಉಳಿಕೆ 50ಕ್ಕೆ ಇಳಿಯುತ್ತದೆ, ಸರಿದೂಗುವ ಅಂತರ 38 ದಿನವಾಗುತ್ತದೆ. ನಾಲ್ಕು ದಿನ ಬೇಗ ಬಂದರೆ ಸಾಕು. ಉಚಿತ ಕಟ್‌ಗಿಂತ ಇದು ಎಷ್ಟೋ ವಾಸಿ.

ಆದರೆ ಪಾಯಿಂಟ್ ಎನ್ನುವುದು ಬಾಕಿ. ಆರು ತಿಂಗಳು ಎಲ್ಲರೂ ಕೂಡಿಡುತ್ತಾ ಹೋಗಿ ಹಬ್ಬದ ಅಥವಾ ಮದುವೆಯ ಸೀಸನ್ನಿನಲ್ಲಿ ಒಟ್ಟಿಗೆ ಖರ್ಚು ಮಾಡಲು ಬಂದರೆ, ನಿಮ್ಮ ಕುರ್ಚಿಗೆ ಅತಿ ಹೆಚ್ಚು ಬೆಲೆಯಿರುವ ದಿನಗಳಲ್ಲೇ ಪುಕ್ಕಟೆ ಕೆಲಸ ಮಾಡಿದಂತಾಗುತ್ತದೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಫ್ಆರ್‌ಎಸ್ 15 ಕೂಡ ಇಂಥ ಪಾಯಿಂಟುಗಳನ್ನು ಇನ್ನೂ ತೀರಿಸಬೇಕಾದ ಹೊಣೆಯೆಂದೇ ನೋಡುತ್ತದೆ. ಸಣ್ಣ ಅಂಗಡಿಗೆ ಅಷ್ಟು ವಿಧಿವತ್ತಾದ ಲೆಕ್ಕ ಬೇಕಿಲ್ಲವಾದರೂ, ತಿಂಗಳಿಗೊಮ್ಮೆ ‘ಇವತ್ತು ಎಲ್ಲರೂ ಬಂದು ಕೇಳಿದರೆ ಎಷ್ಟು ಕೊಡಬೇಕಾಗುತ್ತದೆ’ ಎಂಬ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡುವುದು ಕ್ಷೇಮ. ಬಿಲ್ಲಿಂಗ್ ಸಾಫ್ಟ್‌ವೇರ್ ಇಲ್ಲದ ಅಂಗಡಿ ಈ ದಾರಿಗೆ ಹೋಗಬಾರದು. ಕೈಬರಹದ ಪಾಯಿಂಟ್ ಲೆಕ್ಕ ಎರಡು ತಿಂಗಳು ದಾಟುವುದರೊಳಗೆ ಜಗಳಕ್ಕೆ ತಿರುಗುತ್ತದೆ.

ಮುಂಗಡ ಪ್ಯಾಕೇಜ್

1000 ಕಟ್ಟಿದರೆ 1100ರ ಸೇವೆ ಎನ್ನುವ ಪ್ಯಾಕೇಜ್ ಕೈಗೆ ತಕ್ಷಣ ಹಣ ತರುತ್ತದೆ, ಗಿರಾಕಿಯನ್ನು ಕಟ್ಟಿಯೂ ಹಾಕುತ್ತದೆ. ಹಣ ಇಲ್ಲಿರುವಾಗ ಅವರು ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಹೊಸ ಸ್ಪರ್ಧಿ ಪಕ್ಕದಲ್ಲೇ ಬಾಗಿಲು ತೆರೆಯುವಾಗ ಇದು ಕಡೆಗಣಿಸುವ ಗುಣವಲ್ಲ.

ಇದನ್ನು ಸಾಲವೆಂದು ತಿಳಿದು ಲೆಕ್ಕ ಹಾಕಿದರೆ ಮಾತ್ರ ಅದರ ನಿಜವಾದ ಬೆಲೆ ತಿಳಿಯುತ್ತದೆ. ಖಾಯಂ ಗಿರಾಕಿಯೊಬ್ಬರು ಆ ಮೊತ್ತವನ್ನು ಹತ್ತು ತಿಂಗಳಲ್ಲಿ ಸಮನಾಗಿ ಬಳಸಿದರೆ ಅವರ ಹಣ ನಿಮ್ಮಲ್ಲಿ ಸರಾಸರಿ 500ರಷ್ಟು ಇದ್ದಂತಾಯಿತು, ಅದಕ್ಕಾಗಿ ನೀವು ಬಿಟ್ಟುಕೊಟ್ಟದ್ದು 100. ಹತ್ತು ತಿಂಗಳಿಗೆ ಶೇಕಡಾ 20, ವರ್ಷಕ್ಕೆ ಶೇಕಡಾ 24. ಅವರು ಇನ್ನೂ ಬೇಗ ಖರ್ಚು ಮಾಡಿದರೆ ಈ ಬಡ್ಡಿ ಇನ್ನೂ ಏರುತ್ತದೆ. ಕೂದಲೊಣಗಿಸುವ ಯಂತ್ರವೋ ಹೊಸ ಕುರ್ಚಿಯೋ ಕೊಳ್ಳಲು ಹಣ ಬೇಕೆಂದಾದರೆ ಇದಕ್ಕಿಂತ ಅಗ್ಗದ ಸಾಲ ಸಿಗುವುದೇ ಎಂದು ಮೊದಲು ವಿಚಾರಿಸಿ.

ಇನ್ನೊಂದು ಅಪಾಯ ನಿಧಾನವಾಗಿ ಬರುತ್ತದೆ. ಪ್ಯಾಕೇಜ್ ಮಾರಿದ ತಿಂಗಳು ಗಲ್ಲಾ ತುಂಬಿರುತ್ತದೆ, ಮುಂದಿನ ತಿಂಗಳುಗಳಲ್ಲಿ ಕೆಲಸವಿರುತ್ತದೆ, ಹಣವಿರುವುದಿಲ್ಲ, ಕಮಿಷನ್ ಮಾತ್ರ ಕೊಡಬೇಕಾಗಿರುತ್ತದೆ. ಆ ಕೊರತೆ ತುಂಬಲು ಮತ್ತೆ ಪ್ಯಾಕೇಜ್ ಮಾರುವ ಆಸೆ ಹುಟ್ಟುತ್ತದೆ. ಹಾಗೆ ಮಾರಬೇಕೆನಿಸಿದರೆ ಅದೇ ಎಚ್ಚರಿಕೆಯ ಗಂಟೆ. ಪ್ಯಾಕೇಜ್ ಬೇಕೇಬೇಕೆಂದಾದರೆ ಹಣವನ್ನು ಬೇರೆ ಖಾತೆಯಲ್ಲಿಟ್ಟು ಸೇವೆ ಕೊಟ್ಟಷ್ಟನ್ನೇ ಎತ್ತಿಕೊಳ್ಳಿ. ಹೆಚ್ಚುವರಿ 100ನ್ನು ಹಣವಾಗಿ ಸೇರಿಸುವ ಬದಲು ಖರ್ಚು ಕಡಿಮೆಯಿರುವ ಸೇವೆಯಾಗಿ ಕೊಡಿ. ಮುಂಗಡಕ್ಕೆ ಅವಧಿ ಹಾಕುವ ಮುನ್ನ ನಿಮ್ಮ ಕಡೆಯ ಗ್ರಾಹಕ ಕಾನೂನು ಅದಕ್ಕೆ ಒಪ್ಪುತ್ತದೆಯೇ ಎಂದು ಕೇಳಿ ತಿಳಿಯುವುದೂ ಅಗತ್ಯ.

ತಿಂಗಳ ಸದಸ್ಯತ್ವ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೇರ್‌ಕಟ್‌ಗೆ ಇದು ಹೊಂದುವುದಿಲ್ಲ. ಗಡ್ಡ ಟ್ರಿಮ್, ಬ್ಲೋ ಡ್ರೈ ಮುಂತಾಗಿ ತಿಂಗಳಲ್ಲಿ ಹಲವು ಬಾರಿ ಮಾಡಿಸಿಕೊಳ್ಳುವ ಸೇವೆಗೆ ಮಾತ್ರ ಹೊಂದುತ್ತದೆ. ಅಲ್ಲಿಯೂ ಮೊದಲು ಸೇರುವವರು ಅತಿ ಹೆಚ್ಚು ಬರುವವರೇ. ಟ್ರಿಮ್ಮಿಗೆ ಬೆಲೆ 40, ಖರ್ಚು 18 ಎನ್ನೋಣ. ತಿಂಗಳಿಗೆ ನಾಲ್ಕು ಬಾರಿ ಬರುತ್ತಿದ್ದವರಿಂದ 88 ಉಳಿಯುತ್ತಿತ್ತು. 100 ಶುಲ್ಕದ ಮಿತಿಯಿಲ್ಲದ ಸದಸ್ಯತ್ವ ಕೊಟ್ಟರೆ ಅದೇ ನಾಲ್ಕು ಭೇಟಿಗಳಿಂದ 28 ಉಳಿಯುತ್ತದೆ. ಭೇಟಿಗಳ ಸಂಖ್ಯೆಗೆ ಮಿತಿ ಹಾಕಿ, ಬಿಡುವಿನ ಹೊತ್ತಿಗೆ ಮಾತ್ರ ಕೊಟ್ಟು, ತಿಂಗಳಿಗೆ ಎರಡು ಬಾರಿಗಿಂತ ಕಡಿಮೆ ಬರುವವರನ್ನು ಸೆಳೆಯಲು ಬಳಸಿದರೆ ಪ್ರಯೋಜನವಾದೀತು. ಬಾಗಿಲ ಮೇಲೆ ‘ಅನ್‌ಲಿಮಿಟೆಡ್’ ಎಂದು ಬರೆಸುವುದು ಮಾತ್ರ ಬೇಡ.

ಬೇಗ ಬಂದವರಿಗೆ ಹೆಚ್ಚುವರಿ ಸೇವೆ

ಐದನೆಯ ದಾರಿಯಲ್ಲಿ ಬೆಲೆಯನ್ನು ಮುಟ್ಟುವುದಿಲ್ಲ. ಹತ್ತು ನಿಮಿಷದ ತಲೆ ಮಸಾಜ್ ಅಥವಾ ಡೀಪ್ ಕಂಡೀಷನಿಂಗ್‌ನಂಥ ಸೇವೆಯನ್ನು ಬಹುಮಾನವಾಗಿಟ್ಟು, ಅದನ್ನು ಗಡುವಿನೊಳಗಿನ ಭೇಟಿಗೆ ಕಟ್ಟಲಾಗುತ್ತದೆ. ಬೋರ್ಡಿನ ಮೇಲೆ ಅದರ ಬೆಲೆ 40 ಇದ್ದರೆ ಗಿರಾಕಿಗೆ ಸಿಕ್ಕ ಹಾಗೆ ಅನಿಸುವುದು 40. ಎಣ್ಣೆ ಅಥವಾ ಕ್ರೀಮಿಗೆ 6, ಕೆಲಸದವರಿಗೆ 6 ಕೊಟ್ಟರೆ ನಿಮಗೆ ತಗಲುವುದು 12. ಐದು ಭೇಟಿಗೊಮ್ಮೆ ಕೊಟ್ಟರೆ ಪ್ರತಿ ಭೇಟಿಗೆ 2.4. ಉಳಿಕೆ 55ರಿಂದ 52.6ಕ್ಕೆ ಬರುತ್ತದೆ, ಸರಿದೂಗುವ ಅಂತರ ಸುಮಾರು 40 ದಿನ. ಗಿರಾಕಿ ಎರಡು ದಿನ ಬೇಗ ಬಂದರೂ ಸಾಕು.

ಗಡುವು ಈಗಿನ ಅಂತರಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಈಗಾಗಲೇ ನಡೆಯುತ್ತಿರುವುದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ. 42 ದಿನಕ್ಕೆ ಬರುವವರಿಗೆ 35 ದಿನದ ಗಡುವು ಸರಿಯಾಗುತ್ತದೆ. ಪೂರ್ತಿ ವಾರಗಳಲ್ಲಿ ಹೇಳಿದರೆ ‘ಐದು ವಾರದೊಳಗೆ, ವಾರದ ಇದೇ ದಿನ’ ಎಂದು ನೆನಪಿಡುವುದೂ ಸುಲಭ. ಹೀಗೆ ನಿಜವಾಗಿ 35 ದಿನಕ್ಕೆ ಬರತೊಡಗಿದ ಒಬ್ಬ ಗಿರಾಕಿಯಿಂದ ವರ್ಷಕ್ಕೆ ಸುಮಾರು 70ರಷ್ಟು ಹೆಚ್ಚು ಉಳಿಕೆ ಬರುತ್ತದೆ. ಮೊದಲಿನಿಂದಲೂ 35 ದಿನಕ್ಕೆ ಬರುತ್ತಿದ್ದ, ಯೋಜನೆಯಿಂದ ಏನೂ ಬದಲಾಗದ ಗಿರಾಕಿಯ ಬಹುಮಾನಕ್ಕೆ ವರ್ಷಕ್ಕೆ 25 ಖರ್ಚಾಗುತ್ತದೆ. ಆದ್ದರಿಂದ ಬದಲಾದ ಒಬ್ಬರು ಬದಲಾಗದ ಇಬ್ಬರ ಖರ್ಚನ್ನು ಹೊತ್ತು ಇನ್ನೂ ಸ್ವಲ್ಪ ಉಳಿಸುತ್ತಾರೆ. ಉಚಿತ ಕಟ್‌ನ ಕಾರ್ಡಿನಲ್ಲಿ ಬದಲಾದವರಿಂದಲೇ ನಷ್ಟವಾಗುತ್ತಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಈ ಲೆಕ್ಕ ನಿಲ್ಲಬೇಕಾದರೆ ಎರಡು ಷರತ್ತುಗಳು ಈಡೇರಬೇಕು. ಮೊದಲನೆಯದು ಸಮಯ. ಕಟ್ ಒಂದಕ್ಕೆ ಅರ್ಧ ಗಂಟೆ ಬೇಕೆಂದಾದರೆ, ಜನ ಕಾದು ನಿಂತಿರುವ ಭಾನುವಾರ ಮೂರು ಮಸಾಜ್ ಮಾಡುವಷ್ಟರಲ್ಲಿ ಒಂದು ಕಟ್ ತಪ್ಪಿತು, 55ರ ಉಳಿಕೆ ಹೋಯಿತು. ಪ್ರತಿ ಮಸಾಜಿಗೆ ಇನ್ನೂ 18 ಸೇರಿ ಖರ್ಚು 30 ಆಗುತ್ತದೆ, ಸರಿದೂಗುವ ಅಂತರ 37 ದಿನಕ್ಕೆ ಇಳಿದು ಪಾಯಿಂಟ್ ಪದ್ಧತಿಯ ಸಾಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಬಹುಮಾನವನ್ನು ಬಿಡುವಿನ ಹೊತ್ತಿಗೆ ಕಟ್ಟಬೇಕು. ಇಲ್ಲಿ ಒಂದು ತೊಡಕಿದೆ: ವಾರದ ದಿನಗಳಲ್ಲಿ ಕೆಲಸಕ್ಕೆ ಹೋಗುವವರು ಬಿಡುವಿನ ಹೊತ್ತಿಗೆ ಬರಲಾರರು, ಮತ್ತು ಬಳಸಲಾಗದ ಬಹುಮಾನ ಬಹುಮಾನ ಇಲ್ಲದಿರುವುದಕ್ಕಿಂತ ಕೆಟ್ಟದು. ಅಂಥವರಿಗಾಗಿ ಕುರ್ಚಿಯ ಸಮಯ ಕೇಳದ ಇನ್ನೊಂದು ಆಯ್ಕೆ ಇರಲಿ. ಸಣ್ಣ ಶ್ಯಾಂಪೂ ಬಾಟಲಿಯನ್ನು ಸಗಟು ಬೆಲೆಗೆ 12ರೊಳಗೆ ತರಲಾಗುವುದಾದರೆ ಅದೇ ಸಾಕು.

ಎರಡನೆಯದು ಸೇವೆಯ ಆಯ್ಕೆ. ಈಗಾಗಲೇ ಹಣ ಕೊಟ್ಟು ತಲೆ ಮಸಾಜ್ ಮಾಡಿಸಿಕೊಳ್ಳುವ ಗಿರಾಕಿಗೆ ಅದನ್ನೇ ಉಚಿತವಾಗಿ ಕೊಟ್ಟರೆ ಬಿಟ್ಟುಕೊಟ್ಟದ್ದು 12 ಅಲ್ಲ, 40. ಕಳೆದ ಮೂರು ತಿಂಗಳ ಬಿಲ್ಲು ತೆಗೆದು, ಜನ ಮೆಚ್ಚುವ ಆದರೆ ತಾವಾಗಿ ಕೇಳದ ಸೇವೆ ಯಾವುದೆಂದು ನೋಡಿ ಅದನ್ನೇ ಆರಿಸಿ. ಯೋಜನೆ ಶುರುವಾದ ಮೇಲೆ ಆ ಸೇವೆಯ ಹಣದ ಮಾರಾಟ ಕುಗ್ಗಿದರೆ ಆಯ್ಕೆ ತಪ್ಪಿದೆಯೆಂದು ತಿಳಿಯಿರಿ; ಹಿಗ್ಗಿದರೆ ರುಚಿ ಹತ್ತಿದೆ ಎಂದರ್ಥ.

ಹೊಸಬರ ಎರಡನೆಯ ಭೇಟಿ

ಹೊಸದಾಗಿ ತೆರೆದ ಅಂಗಡಿಗೆ ಅಥವಾ ಜನ ಬಂದು ಹೋಗುವುದೇ ಹೆಚ್ಚಿರುವ ಬಡಾವಣೆಯ ಅಂಗಡಿಗೆ ಮೇಲಿನ ಅಂತರದ ಲೆಕ್ಕಕ್ಕಿಂತ ಹೊಸಬರು ಮರಳುವುದೇ ದೊಡ್ಡ ಪ್ರಶ್ನೆ. ಮೊದಲ ಬಾರಿ ಬಂದ 100 ಜನರಲ್ಲಿ 40 ಜನ ಮರಳುತ್ತಾರೆ, ಮರಳಿದವರು ಮುಂದೆ ಸರಾಸರಿ ನಾಲ್ಕು ಬಾರಿ ಬರುತ್ತಾರೆ ಎಂದು ಊಹಿಸೋಣ. ಮರಳಿದ ಒಬ್ಬೊಬ್ಬರ ಉಳಿಕೆ 220. ಎರಡನೆಯ ಭೇಟಿಗೇ ಆ 12ರ ಸೇವೆ ಕೊಡುವುದಾದರೆ 40ರ ಬದಲು 43 ಜನ ಮರಳಿದರೂ ಖರ್ಚು ಹುಟ್ಟಿಬಿಡುತ್ತದೆ, ಏಕೆಂದರೆ ಮೂವರು ತಂದ 660 ಎಲ್ಲ 43 ಜನರ ಬಹುಮಾನದ 516ಕ್ಕಿಂತ ಹೆಚ್ಚು. ಇಂಥ ಅಂಗಡಿಗೆ ಐದು ಭೇಟಿಗಳ ಕಾರ್ಡಿನ ಅಗತ್ಯವೇ ಇಲ್ಲ. ಮೊದಲ ದಿನ ಬಿಲ್ಲಿನ ಜೊತೆ ಕೊಡುವ, ಕೊನೆಯ ದಿನಾಂಕ ಬರೆದ ಒಂದು ಚೀಟಿ ಸಾಕು.

ಕೆಲಸದವರು ಮತ್ತು ಸೀಲು

ಯೋಜನೆಯನ್ನು ದಿನನಿತ್ಯ ನಡೆಸುವವರು ಕತ್ತರಿ ಹಿಡಿದವರೇ. ಉಚಿತ ಸೇವೆಗೆ ಅವರಿಗೆ ಏನೂ ಸಿಗದಿದ್ದರೆ ಹತ್ತು ನಿಮಿಷದ ಮಸಾಜ್ ಮೂರು ನಿಮಿಷಕ್ಕೆ ಮುಗಿಯುತ್ತದೆ, ಅಥವಾ ‘ಇವತ್ತು ರಶ್ ಇದೆ, ಮುಂದಿನ ಸಲ ನೋಡೋಣ ಸರ್’ ಎಂಬ ಮಾತು ಬರುತ್ತದೆ. ಮೇಲಿನ ಲೆಕ್ಕದಲ್ಲಿ 6ನ್ನು ಅವರಿಗೆಂದು ತೆಗೆದಿಟ್ಟದ್ದು ಈ ಕಾರಣಕ್ಕೇ. ಅದನ್ನು ಅಂದಂದೇ ಲೆಕ್ಕಕ್ಕೆ ಸೇರಿಸಬೇಕು. ಇನ್ನು ಸೀಲು ಗಲ್ಲಾದಲ್ಲೇ ಇರಲಿ. ಪ್ರತಿ ಸೀಲಿನ ಪಕ್ಕದಲ್ಲಿ ದಿನಾಂಕವನ್ನೂ ಬಿಲ್ಲಿನ ಸಂಖ್ಯೆಯನ್ನೂ ಪೆನ್ನಿನಲ್ಲಿ ಬರೆದರೆ ಗೆಳೆಯರಿಗೆ ಎರಡೆರಡು ಸೀಲು ಹಾಕಿಕೊಡುವ ಚಾಳಿ ತಾನಾಗಿ ನಿಲ್ಲುತ್ತದೆ, ಗಡುವಿನ ಲೆಕ್ಕಕ್ಕೂ ಅದೇ ದಿನಾಂಕ ಬೇಕು. ಎರಡು ದಿನ ತಡವಾಗಿ ಬಂದವರ ಜೊತೆ ವಾದಕ್ಕಿಳಿಯಬಾರದು. ಮೂರ್ನಾಲ್ಕು ದಿನದ ವಿನಾಯಿತಿ ಒಳಗೊಳಗೇ ಇರಲಿ. ಅದಕ್ಕಿಂತ ತಡವಾದರೆ ಆ ಬಾರಿಯ ಸೀಲು ಮಾತ್ರ ಇಲ್ಲ. ಹಳೆಯ ಸೀಲುಗಳನ್ನು ರದ್ದು ಮಾಡಿದರೆ ಗಿರಾಕಿಯೂ ರದ್ದಾಗುತ್ತಾರೆ.

ಯಾರಿಗೆ ಯಾವುದು

ಒಂದೆರಡು ಕುರ್ಚಿಯ, ಹೇರ್‌ಕಟ್ಟೇ ಮುಖ್ಯವಾದ, ಕೈಬರಹದ ಲೆಕ್ಕದ ಅಂಗಡಿಗೆ ಒಂದು ಸೀಲು ಬಿದ್ದಿರುವ ಆರು ಮನೆಗಳ ಕಾರ್ಡ್, ಐದು ವಾರದ ಗಡುವು, ಕೊನೆಗೆ ಹೆಚ್ಚುವರಿ ಸೇವೆ ಎಂಬ ಜೋಡಣೆ ಹೊಂದುತ್ತದೆ. ಕಲರ್ ಮತ್ತು ಫೇಷಿಯಲ್‌ಗಳಿಂದಲೇ ಹೆಚ್ಚು ಹಣ ಬರುವ, ಬಿಲ್ಲಿಂಗ್ ಸಾಫ್ಟ್‌ವೇರ್ ಇರುವ ಅಂಗಡಿ ಶೇಕಡಾ 3ರಿಂದ 5ರ ಪಾಯಿಂಟಿಗೆ ಹೋಗಬಹುದು, ಆದರೆ ಅದನ್ನು ವಾರದ ಖಾಲಿ ದಿನಗಳಲ್ಲಿ ಮಾತ್ರ ಬಳಸುವ ನಿಯಮದೊಂದಿಗೆ. ಮುಂಗಡ ಪ್ಯಾಕೇಜು ಸ್ಪರ್ಧೆ ಎದುರಾದಾಗ ಕೆಲವೇ ಗಿರಾಕಿಗಳಿಗೆ ಕೊಡಬೇಕಾದ್ದು, ಎಲ್ಲರಿಗೂ ಮಾರಬೇಕಾದ್ದಲ್ಲ. ಯಾವ ಹೊತ್ತಿಗೂ ಕುರ್ಚಿ ಖಾಲಿಯಿಲ್ಲದ, ವಾರ ಮೊದಲೇ ಬುಕ್ಕಿಂಗ್ ತುಂಬುವ ಅಂಗಡಿಗೆ ಯಾವ ಯೋಜನೆಯೂ ಬೇಕಿಲ್ಲ. ಅಲ್ಲಿ ಸ್ವಲ್ಪ ಬೆಲೆ ಏರಿಸುವುದೇ ವಿವೇಕ. ಕಟ್ ಚೆನ್ನಾಗಿಲ್ಲವೆಂದು ಜನ ಬಿಟ್ಟುಹೋಗುತ್ತಿದ್ದರೆ ಕಾರ್ಡಿನಿಂದ ಅದು ಸರಿಹೋಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು

ಶುರು ಮಾಡುವ ಮುನ್ನ ಬುಕ್ಕಿಂಗ್ ಪುಸ್ತಕದಿಂದ ಒಂದು ನಲವತ್ತು ಖಾಯಂ ಗಿರಾಕಿಗಳ ಕೊನೆಯ ಮೂರು ಭೇಟಿಗಳ ದಿನಾಂಕ ತೆಗೆದು, ಒಬ್ಬೊಬ್ಬರ ಅಂತರವನ್ನು ದಿನಗಳಲ್ಲಿ ಬರೆದು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಸಂಖ್ಯೆಯನ್ನು ಗುರುತು ಮಾಡಿಟ್ಟುಕೊಳ್ಳಿ. ಸರಾಸರಿಗಿಂತ ಈ ನಡುವಿನ ಸಂಖ್ಯೆ ನಂಬಿಕೆಗೆ ಅರ್ಹ, ಏಕೆಂದರೆ ಊರು ಬಿಟ್ಟು ಹೋಗಿ ಆರು ತಿಂಗಳ ಮೇಲೆ ಬಂದ ಒಬ್ಬರಿಂದ ಅದು ಕದಲುವುದಿಲ್ಲ. ಐದಾರು ತಿಂಗಳ ನಂತರ ಅದೇ ನಲವತ್ತು ಜನರ ಅಂತರವನ್ನು ಮತ್ತೆ ಬರೆಯಿರಿ. ಕಾರ್ಡ್ ಇರುವವರನ್ನು ಇಲ್ಲದವರ ಜೊತೆ ಹೋಲಿಸುವ ತಪ್ಪು ಬೇಡ. ಕಾರ್ಡ್ ಇಟ್ಟುಕೊಳ್ಳುವವರು ಮೊದಲಿನಿಂದಲೂ ಹೆಚ್ಚು ಬರುವವರಾದ್ದರಿಂದ ಯೋಜನೆ ಗೆದ್ದಂತೆಯೇ ಕಾಣುತ್ತದೆ. ನಡುವಿನ ಅಂತರ ನಿಮ್ಮ ಸರಿದೂಗುವ ಅಂತರಕ್ಕಿಂತ ಕೆಳಗೆ ಇಳಿದಿದ್ದರೆ ಮುಂದುವರಿಸಿ, ಮೇಲೆಯೇ ಇದ್ದರೆ ನಿಲ್ಲಿಸಿ.

ನಿಲ್ಲಿಸಲು ಅನುಕೂಲವಾಗುವಂತೆ ಮೊದಲ ದಿನವೇ ಕಾರ್ಡಿನ ಹಿಂದೆ ಯೋಜನೆಯ ಕೊನೆಯ ದಿನಾಂಕ ಅಚ್ಚಾಗಿರಲಿ, ಆರು ತಿಂಗಳು ಸಾಕು. ಐದು ವಾರಕ್ಕೊಮ್ಮೆ ಬಂದವರು ಆ ಅವಧಿಯಲ್ಲಿ ಐದು ಭೇಟಿ ಮುಗಿಸಿಬಿಡುತ್ತಾರೆ. ಅರ್ಧ ತುಂಬಿದ ಕಾರ್ಡುಗಳನ್ನು ಇನ್ನೂ ಎರಡು ತಿಂಗಳು ಒಪ್ಪಿಕೊಳ್ಳಲಾಗುವುದೆಂದು ಗಲ್ಲಾದ ಬಳಿ ಚೀಟಿ ಅಂಟಿಸಿ, ಆ ಅವಧಿಯಲ್ಲಿ ಹೊಸ ಕಾರ್ಡ್ ಮಾತ್ರ ಕೊಡಬೇಡಿ.